ಕಂತು ತಪ್ಪುವ ಮೊದಲು ಬ್ಯಾಂಕಿಗೊಂದು ಪತ್ರ

ಊರಿನ ಪೇಟೆ ಬೀದಿಯಲ್ಲಿ ಒಳಚರಂಡಿ ಪೈಪು ಹಾಕಲೆಂದು ರಸ್ತೆ ಅಗೆದರೆ ಮೊದಲು ಏಟು ಬೀಳುವುದು ಭಾರದ ಸರಕು ಮಾರುವವರಿಗೆ. ಹೂವು, ತರಕಾರಿ ಕೊಳ್ಳುವವರು ಹಲಗೆ ದಾಟಿಕೊಂಡಾದರೂ ಬಂದಾರು. ಸ್ಟೀಲ್ ಪಾತ್ರೆ, ಕೊಳದಪ್ಪಲೆ, ಹಂಡೆ ಕೊಳ್ಳುವವರು ಬರುವುದಿಲ್ಲ. ಕೊಂಡದ್ದನ್ನು ಆಟೋದಲ್ಲಿ ಇಟ್ಟುಕೊಂಡು ಹೋಗಬೇಕು, ಆಟೋ ಅಂಗಡಿ ಮುಂದೆ ನಿಲ್ಲುವಂತಿಲ್ಲ. ಮದುವೆಗೆ ಪಾತ್ರೆ ಕೊಳ್ಳುವ ಮನೆಯವರು ಪಕ್ಕದ ಊರಿನ ದಾರಿ ಹಿಡಿಯುತ್ತಾರೆ. ಅಂಗಡಿಯಾತ ಏನೂ ತಪ್ಪು ಮಾಡಿಲ್ಲ, ಸರಕು ಕೆಟ್ಟಿಲ್ಲ, ಹೆಸರೂ ಕೆಟ್ಟಿಲ್ಲ. ಆದರೂ ಗಲ್ಲಾಪೆಟ್ಟಿಗೆಗೆ ಬರುವ ದುಡ್ಡು ಮೂರನೇ ಒಂದು ಭಾಗಕ್ಕೂ ಹೆಚ್ಚು ಕಡಿಮೆಯಾಗುತ್ತದೆ. ಬ್ಯಾಂಕಿನ ಸಾಲದ ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಕಿಗೆ ಅಷ್ಟಕ್ಕಷ್ಟೇ ಬಂದು ನಿಲ್ಲುತ್ತದೆ.

ಇಂಥ ಒಬ್ಬ ಪಾತ್ರೆ ವ್ಯಾಪಾರಿಯ ಲೆಕ್ಕವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅಂಕಿಗಳು ಬರಹಕ್ಕಾಗಿ ಕಟ್ಟಿಕೊಂಡವು, ಲೆಕ್ಕ ಮಾತ್ರ ಬ್ಯಾಂಕಿನಲ್ಲಿ ಹೇಗೆ ನಡೆಯುತ್ತದೋ ಹಾಗೆಯೇ. ಎರಡು ವರ್ಷದ ಹಿಂದೆ ಅವರು 8,00,000 ರೂಪಾಯಿ ಸಾಲ ತೆಗೆದುಕೊಂಡಿದ್ದಾರೆ. ಬಡ್ಡಿ ವರ್ಷಕ್ಕೆ ಶೇ. 11, ಅವಧಿ 60 ತಿಂಗಳು, ಕಂತು 17,394 ರೂಪಾಯಿ. ಇಪ್ಪತ್ತನಾಲ್ಕು ಕಂತನ್ನು ಒಂದೂ ತಪ್ಪದೆ ಕಟ್ಟಿದ್ದಾರೆ. ಇನ್ನು ಬಾಕಿ ಇರುವ ಅಸಲು ಸುಮಾರು 5,31,300 ರೂಪಾಯಿ, ಉಳಿದಿರುವುದು 36 ಕಂತು. ಮೇ ಕೊನೆಯಲ್ಲಿ ರಸ್ತೆ ಅಗೆದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ಕಂತುಗಳನ್ನು ಉಳಿತಾಯದ ದುಡ್ಡಿನಿಂದ, ಚೀಟಿ ಎತ್ತಿದ ದುಡ್ಡಿನಿಂದ ಹೇಗೋ ಕಟ್ಟಿದರು. ಅಕ್ಟೋಬರ್ 5ರ ಕಂತಿಗೆ ದಾರಿ ಇಲ್ಲ.

ಇಲ್ಲಿ ಹೆಚ್ಚಿನವರು ಮಾಡುವುದು ಎರಡರಲ್ಲಿ ಒಂದು. ಕೈಸಾಲವನ್ನೋ ಮೀಟರ್ ಬಡ್ಡಿಯನ್ನೋ ತಂದು ಬ್ಯಾಂಕಿನ ಕಂತು ಕಟ್ಟುತ್ತಾರೆ. ಶೇ. 11ರ ಸಾಲ ತೀರಿಸಲು ತಿಂಗಳಿಗೆ ನೂರಕ್ಕೆ ಐದು ರೂಪಾಯಿಯಂತೆ ಬಡ್ಡಿ ತೆತ್ತರೆ ಅದು ವರ್ಷಕ್ಕೆ ಶೇ. 60 ಆಯಿತು. ರಸ್ತೆ ಮುಚ್ಚಿದರೂ ಆ ಸಾಲ ಮುಚ್ಚುವುದಿಲ್ಲ. ಇಲ್ಲವೇ ಬ್ಯಾಂಕಿನವರ ಫೋನ್ ಎತ್ತುವುದನ್ನು ನಿಲ್ಲಿಸಿ, ವ್ಯಾಪಾರ ಕುದುರಿದ ಮೇಲೆ ಒಟ್ಟಿಗೆ ಕಟ್ಟಿದರಾಯಿತು ಎಂದು ಕಾಯುತ್ತಾರೆ. ಈ ಎರಡನೆಯದು ಯಾಕೆ ಅಪಾಯ ಎಂಬುದಕ್ಕೆ ಬ್ಯಾಂಕಿನ ಕ್ಯಾಲೆಂಡರ್ ನೋಡಬೇಕು.

ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಹೊರಡಿಸಿದ ಸ್ಪಷ್ಟೀಕರಣದಲ್ಲಿ ಒಂದು ಉದಾಹರಣೆಯನ್ನೇ ಕೊಟ್ಟಿತ್ತು. ಮಾರ್ಚ್ 31ಕ್ಕೆ ಕಟ್ಟಬೇಕಾದ ಹಣ ಅಂದು ಬ್ಯಾಂಕಿನ ದಿನದ ಲೆಕ್ಕ ಮುಗಿಯುವ ಹೊತ್ತಿಗೆ ಬರದಿದ್ದರೆ ಅಂದೇ ಖಾತೆ ಓವರ್‌ಡ್ಯೂ. ಹಾಗೆಯೇ ಮುಂದುವರಿದರೆ ಏಪ್ರಿಲ್ 30ಕ್ಕೆ ಎಸ್‌ಎಂಎ-1, ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ. ಎಸ್‌ಎಂಎ ಎಂದರೆ ಬ್ಯಾಂಕು ವಿಶೇಷವಾಗಿ ಕಣ್ಣಿಡುವ ಖಾತೆ, ಎನ್‌ಪಿಎ ಎಂದರೆ ಅನುತ್ಪಾದಕ ಸಾಲ. ಈ ಗುರುತನ್ನು ಹಾಕುವುದು ಕಂಪ್ಯೂಟರ್. ಶಾಖೆಯ ಮ್ಯಾನೇಜರ್ ಎಷ್ಟೇ ಒಳ್ಳೆಯವರಾದರೂ, ವ್ಯಾಪಾರಿಯನ್ನು ಹತ್ತು ವರ್ಷದಿಂದ ಬಲ್ಲವರಾದರೂ ತಡೆಯಲಾರರು. ಅದೇ ಸ್ಪಷ್ಟೀಕರಣದಲ್ಲಿ ಇನ್ನೊಂದು ಮಾತಿದೆ: ಒಮ್ಮೆ ಎನ್‌ಪಿಎ ಆದ ಖಾತೆ ಮತ್ತೆ ಸರಿಯಾದ ಖಾತೆ ಎನಿಸಿಕೊಳ್ಳಬೇಕಾದರೆ ಬಾಕಿ ಬಿದ್ದ ಬಡ್ಡಿ ಮತ್ತು ಅಸಲು ಪೂರ್ತಿ ತೀರಬೇಕು. ಒಂದೆರಡು ಕಂತು ಕಟ್ಟಿ ಹೊರಬರುವಂತಿಲ್ಲ. ಆದಾಯವೇ ಕುಸಿದಿರುವಾಗ ಮೂರು ನಾಲ್ಕು ಕಂತನ್ನು ಒಟ್ಟಿಗೆ ಎಲ್ಲಿಂದ ತರುವುದು?

ಆದ್ದರಿಂದ ಪತ್ರ ಬರೆಯುವ ಕಾಲ ಕಂತು ತಪ್ಪಿದ ಮೇಲಲ್ಲ, ತಪ್ಪುತ್ತದೆ ಎಂದು ಗೊತ್ತಾದ ತಿಂಗಳು. ನಮ್ಮ ಪಾತ್ರೆ ವ್ಯಾಪಾರಿಗೆ ಅದು ಸೆಪ್ಟೆಂಬರ್. ಅವರ ಕೈಯಲ್ಲಿ ಆಗ ಒಂದು ಬಲವಾದ ಸಾಕ್ಷಿ ಇರುತ್ತದೆ: ಇಪ್ಪತ್ತನಾಲ್ಕು ಕಂತಿನಲ್ಲಿ ಒಂದೂ ತಪ್ಪಿಲ್ಲ. ಡಿಸೆಂಬರ್‌ನಲ್ಲಿ ಬರೆದರೆ ಆ ವಾಕ್ಯ ಬರೆಯಲಾಗುವುದಿಲ್ಲ.

ಬರೆಯುವ ಮೊದಲು ತಮಗೆ ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಕುಸಿತ ನಿಜಕ್ಕೂ ತಾತ್ಕಾಲಿಕವೇ? ರಸ್ತೆ ಕಾಮಗಾರಿ, ನೆರೆ, ಮಾಲೀಕರಿಗೆ ಆದ ಶಸ್ತ್ರಚಿಕಿತ್ಸೆ, ಅಂಗಡಿಗೆ ಬಿದ್ದ ಬೆಂಕಿ, ಇವಕ್ಕೆಲ್ಲ ಒಂದು ಕೊನೆ ಇದೆ. ಆದರೆ ಬಸ್ ನಿಲ್ದಾಣವೇ ಊರಾಚೆಗೆ ಹೋಗಿದ್ದರೆ, ಅಥವಾ ಗಿರಾಕಿಗಳು ಮೊಬೈಲಿನಲ್ಲೇ ತರಿಸಿಕೊಳ್ಳಲು ಶುರುಮಾಡಿ ಎರಡು ವರ್ಷದಿಂದ ವ್ಯಾಪಾರ ಇಳಿಯುತ್ತಲೇ ಇದ್ದರೆ ಅದಕ್ಕೆ ಕೊನೆಯ ತಾರೀಕಿಲ್ಲ. ಅಂಥ ಅಂಗಡಿಗೆ ಕಂತು ಮುಂದೂಡುವುದರಿಂದ ಆಗುವುದು ಸಾಲ ಬೆಳೆಯುವುದೊಂದೇ. ಅಲ್ಲಿ ಸರಕು ಕರಗಿಸಿ ಸಾಲ ಇಳಿಸುವುದೋ, ವ್ಯಾಪಾರವನ್ನೇ ಬದಲಿಸುವುದೋ ಉತ್ತಮ ಎಂಬುದು ನನ್ನ ಖಚಿತ ಅಭಿಪ್ರಾಯ. ಬ್ಯಾಂಕಿನವರು ಪತ್ರ ಕೈಗೆ ತೆಗೆದುಕೊಂಡ ಕೂಡಲೇ ಹುಡುಕುವುದೂ ಇದನ್ನೇ: ತೊಂದರೆ ಮುಗಿಯುವ ದಿನ ಯಾವುದು, ಅದಕ್ಕೆ ಆಧಾರವೇನು?

ಹಾಗಾದರೆ ಪತ್ರವನ್ನು ಓದುವವರು ಯಾರು? ವಿಳಾಸ ಶಾಖಾ ವ್ಯವಸ್ಥಾಪಕರದು. ಆದರೆ ಅನೇಕ ಬ್ಯಾಂಕುಗಳಲ್ಲಿ ಸಾಲದ ಮರುಹೊಂದಾಣಿಕೆಗೆ, ಅಂದರೆ ಎಲ್ಲರ ಬಾಯಲ್ಲಿರುವ ರೀಸ್ಟ್ರಕ್ಚರಿಂಗ್‌ಗೆ, ಒಪ್ಪಿಗೆ ಬರಬೇಕಾದದ್ದು ಮೇಲಿನ ಕಚೇರಿಯಿಂದ. ಮ್ಯಾನೇಜರ್ ಒಂದು ಟಿಪ್ಪಣಿ ತಯಾರಿಸಿ ಕಳಿಸುತ್ತಾರೆ. ಅಲ್ಲಿ ಕುಳಿತ ಅಧಿಕಾರಿ ಈ ಪೇಟೆ ಬೀದಿಯನ್ನು ಕಂಡವರಲ್ಲ, ಅಂಗಡಿಯಾತನ ಮುಖ ನೋಡಿದವರಲ್ಲ. ಮ್ಯಾನೇಜರ್ ತಮ್ಮ ಟಿಪ್ಪಣಿಗೆ ವಾಕ್ಯಗಳನ್ನೂ ಅಂಕಿಗಳನ್ನೂ ಎತ್ತಿಕೊಳ್ಳುವುದು ಸಾಲಗಾರನ ಪತ್ರದಿಂದಲೇ. ಪತ್ರದಲ್ಲಿ ‘ವ್ಯಾಪಾರ ತುಂಬಾ ಡಲ್ಲು, ದಯವಿಟ್ಟು ಸಹಕರಿಸಿ’ ಎಂದಷ್ಟೇ ಇದ್ದರೆ ಅವರು ಎತ್ತಿಕೊಳ್ಳಲು ಏನೂ ಇಲ್ಲ. ಕಷ್ಟ ನಿಜವಾಗಿದ್ದೂ ಅರ್ಜಿ ಮೇಜಿನ ಮೇಲೆ ಕೊಳೆಯುವುದಕ್ಕೆ ಮುಖ್ಯ ಕಾರಣ ಇದು.

ಈಗ ಅಂಕಿಗಳಿಗೆ ಬರೋಣ. ವ್ಯಾಪಾರ ಇಳಿದಿದೆ ಎನ್ನುವಾಗ ಯಾವುದಕ್ಕೆ ಹೋಲಿಸಿದರೆ ಎಂಬುದು ಮುಖ್ಯ. ಪಾತ್ರೆ ಅಂಗಡಿಗೆ ವೈಶಾಖದಲ್ಲಿ ಮದುವೆ ಸೀಸನ್, ಆಷಾಢದಲ್ಲಿ ಪ್ರತಿ ವರ್ಷವೂ ಮಂದ. ಏಪ್ರಿಲ್ ತಿಂಗಳನ್ನೂ ಜುಲೈ ತಿಂಗಳನ್ನೂ ಪಕ್ಕಪಕ್ಕ ಇಟ್ಟು ‘ನೋಡಿ, ಅರ್ಧಕ್ಕೆ ಇಳಿದಿದೆ’ ಎಂದರೆ ಅನುಭವಿ ಅಧಿಕಾರಿ ನಂಬುವುದಿಲ್ಲ, ಆಷಾಢ ಯಾವಾಗ ತಾನೇ ಚೆನ್ನಾಗಿತ್ತು ಎಂದು ಕೇಳುತ್ತಾರೆ. ಆದ್ದರಿಂದ ಹೋಲಿಕೆ ಕಳೆದ ವರ್ಷದ ಅದೇ ತಿಂಗಳುಗಳ ಜೊತೆ ಇರಬೇಕು. ನಮ್ಮ ವ್ಯಾಪಾರಿಗೆ ಕಳೆದ ವರ್ಷ ಜೂನ್, ಜುಲೈ, ಆಗಸ್ಟ್‌ನಲ್ಲಿ ಸರಾಸರಿ ತಿಂಗಳ ಮಾರಾಟ 3,20,000 ರೂಪಾಯಿ. ಈ ವರ್ಷ ಅದೇ ಮೂರು ತಿಂಗಳಲ್ಲಿ 2,00,000. ಮಾರಾಟದ ಮೇಲೆ ಅವರಿಗೆ ಉಳಿಯುವುದು ನೂರಕ್ಕೆ ಇಪ್ಪತ್ತು. ಅಂದರೆ 64,000 ಇದ್ದ ಲಾಭಾಂಶ 40,000ಕ್ಕೆ ಬಂತು.

ಅಂಗಡಿಯ ಖರ್ಚು ಮೊದಲು ಬಾಡಿಗೆ 12,000, ಕೆಲಸದ ಹುಡುಗನಿಗೆ 11,000, ಕರೆಂಟು ಮತ್ತಿತರ 3,000, ಒಟ್ಟು 26,000 ಇತ್ತು. ಈಗ ಕಟ್ಟಡದ ಮಾಲೀಕರು ಕಾಮಗಾರಿ ಮುಗಿಯುವವರೆಗೆ ಎರಡು ಸಾವಿರ ಬಿಟ್ಟಿದ್ದಾರೆ. ಹುಡುಗ ಮಧ್ಯಾಹ್ನದ ಮೇಲೆ ಮಾತ್ರ ಬರುತ್ತಾನೆ, ಸಂಬಳ 9,000. ಖರ್ಚು 22,000ಕ್ಕೆ ಇಳಿಯಿತು. ಮೊದಲು ಕೈಗೆ 38,000 ಉಳಿಯುತ್ತಿತ್ತು, 17,394 ಕಂತು ಕಟ್ಟಿ ಉಳಿದದ್ದರಲ್ಲಿ ಸಂಸಾರ ನಡೆಯುತ್ತಿತ್ತು. ಈಗ ಉಳಿಯುವುದು 18,000. ಮನೆ ಖರ್ಚನ್ನು ಎಷ್ಟು ಬಿಗಿಹಿಡಿದರೂ 13,000 ಬೇಕು. ಬ್ಯಾಂಕಿಗೆ ಕೊಡಲು ಸಾಧ್ಯವಿರುವುದು 5,000 ರೂಪಾಯಿ. ಇಡೀ ಪತ್ರ ನಿಂತಿರುವುದು ಈ ಒಂದು ಅಂಕಿಯ ಮೇಲೆ. ಯಾಕೆಂದರೆ ಬಾಕಿ ಅಸಲಿನ ಮೇಲೆ ತಿಂಗಳ ಬಡ್ಡಿ ಸುಮಾರು 4,870 ರೂಪಾಯಿ. ಅಸಲು ಕಟ್ಟಲಾಗದಿದ್ದರೂ ಬಡ್ಡಿ ಕಟ್ಟಬಲ್ಲೆ ಎನ್ನುವ ಸಾಲಗಾರನ ಜೊತೆ ಬ್ಯಾಂಕು ಮಾತಾಡುವ ರೀತಿಯೇ ಬೇರೆ.

ಹೇಳಿದ್ದಕ್ಕೆ ಪುರಾವೆ ಬೇಕು. ಜಿಎಸ್‌ಟಿ ರಿಟರ್ನ್, ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ಕ್ಯೂಆರ್ ಕೋಡ್‌ನ ತಿಂಗಳ ಜಮೆಯ ಪಟ್ಟಿ, ಸಗಟು ವ್ಯಾಪಾರಿಯ ಖರೀದಿ ಬಿಲ್ಲು. ಕಾಮಗಾರಿಗೆ ನಗರಸಭೆಯ ಪ್ರಕಟಣೆ ಅಥವಾ ಸ್ಥಳದಲ್ಲಿ ನೆಟ್ಟಿರುವ ಫಲಕದ ಫೋಟೋ. ಆ ಫಲಕದಲ್ಲಿ ಕೆಲಸ ಮುಗಿಯಬೇಕಾದ ದಿನಾಂಕ ಇದ್ದರೆ ಅದಕ್ಕಿಂತ ಒಳ್ಳೆಯ ದಾಖಲೆ ಇಲ್ಲ. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಸಾಲ ಒಂದು ಬ್ಯಾಂಕಿನಲ್ಲಿ, ಕ್ಯೂಆರ್ ಕೋಡ್‌ನ ಹಣ ಹೋಗಿ ಬೀಳುವುದು ಇನ್ನೊಂದು ಬ್ಯಾಂಕಿನ ಉಳಿತಾಯ ಖಾತೆಗೆ. ಸಾಲ ಕೊಟ್ಟ ಬ್ಯಾಂಕಿನ ಕಣ್ಣಿಗೆ ಅಂಗಡಿಯ ವಹಿವಾಟು ವರ್ಷಗಳಿಂದಲೇ ಬರಿದಾಗಿ ಕಾಣುತ್ತಿರುತ್ತದೆ. ಅಂಥವರು ಎರಡೂ ಖಾತೆಯ ಸ್ಟೇಟ್‌ಮೆಂಟ್ ಕೊಡಬೇಕು, ಇನ್ನು ಮುಂದೆ ಜಮೆಯೆಲ್ಲ ಇದೇ ಬ್ಯಾಂಕಿಗೆ ಬರುತ್ತದೆ ಎಂದು ಬರೆದುಕೊಡಬೇಕು. ಮ್ಯಾನೇಜರ್‌ಗೆ ಧೈರ್ಯ ಕೊಡುವ ಮಾತು ಅದು.

ಮುಂದಿನದು, ಏನನ್ನು ಕೇಳುವುದು ಎಂಬುದು. ‘ಸೂಕ್ತ ಅನುಕೂಲ ಮಾಡಿಕೊಡಿ’ ಎಂದು ಬಿಟ್ಟರೆ ಯಾವ ಅನುಕೂಲ ಎಂದು ಬ್ಯಾಂಕು ತನಗೆ ತೋಚಿದಂತೆ ತೀರ್ಮಾನಿಸುತ್ತದೆ. ಕೇಳುವವರೇ ಲೆಕ್ಕ ಹಾಕಿಕೊಂಡು ಹೋಗುವುದು ಮೇಲು. ನಮ್ಮ ವ್ಯಾಪಾರಿಯ ಮುಂದೆ ಮೂರು ದಾರಿಗಳಿವೆ.

ಮೊದಲನೆಯದು, ಆರು ತಿಂಗಳು ಏನನ್ನೂ ಕಟ್ಟದೆ ಇರುವುದು. ಕಿವಿಗೆ ಹಿತವಾದ ಮಾತು. ಆದರೆ ಕಟ್ಟದ ಬಡ್ಡಿ ಅಸಲಿಗೆ ಸೇರಿ ಆರು ತಿಂಗಳ ಕೊನೆಗೆ ಬಾಕಿ ಸುಮಾರು 5,61,200 ಆಗುತ್ತದೆ. ಅದನ್ನು 42 ತಿಂಗಳಲ್ಲಿ ತೀರಿಸಲು ಕಂತು ಸುಮಾರು 16,160. ಮೂಲ ಒಪ್ಪಂದಕ್ಕಿಂತ ಒಟ್ಟಾರೆ ಸುಮಾರು 52,500 ರೂಪಾಯಿ ಹೆಚ್ಚು ಕಟ್ಟಿದಂತಾಯಿತು. ಎರಡನೆಯದು, ಆರು ತಿಂಗಳು ಬಡ್ಡಿ ಮಾತ್ರ ಕಟ್ಟಿ, ಆಮೇಲೆ 42 ತಿಂಗಳು ಕಂತು ಕಟ್ಟುವುದು. ಆಗ ಕಂತು ಸುಮಾರು 15,300, ಒಟ್ಟು ಹೆಚ್ಚುವರಿ ಸುಮಾರು 45,500. ಮೂರನೆಯದು, ಆರು ತಿಂಗಳು ಬಡ್ಡಿ ಮಾತ್ರ, ಆಮೇಲೆ ಹಳೆಯ ಕಂತೇ 17,394ರಂತೆ 36 ತಿಂಗಳು. ಇದರಲ್ಲಿ ಹೆಚ್ಚುವರಿ ಹೊರೆ ಆ ಆರು ತಿಂಗಳ ಬಡ್ಡಿ ಮಾತ್ರ, ಸುಮಾರು 29,200.

ಕಾಗದದ ಮೇಲೆ ಮೂರನೆಯದೇ ಅಗ್ಗ. ಆದರೂ ಈ ವ್ಯಾಪಾರಿ ಎರಡನೆಯದನ್ನು ಕೇಳುವುದು ಸರಿ ಎಂದು ನನಗನಿಸುತ್ತದೆ. ರಸ್ತೆ ಮುಚ್ಚಿದ ಮರುದಿನವೇ ಹಳೆಯ ಗಿರಾಕಿಗಳೆಲ್ಲ ಹಿಂದಿರುಗುವುದಿಲ್ಲ. ಸರಕು ತುಂಬಿಸಲೂ ಕೈಯಲ್ಲಿ ಒಂದಿಷ್ಟು ದುಡ್ಡು ಬೇಕು. ತಿಂಗಳಿಗೆ ಎರಡು ಸಾವಿರದಷ್ಟು ಕಡಿಮೆ ಕಂತು ಆ ಮೊದಲ ವರ್ಷವನ್ನು ದಾಟಿಸುತ್ತದೆ. ಆಮೇಲೆ ಕೈ ಸಡಿಲವಾದಾಗ ಹೆಚ್ಚಿಗೆ ಕಟ್ಟಿ ಬೇಗ ಮುಗಿಸಬಹುದು. ಅವಧಿಗೆ ಮುಂಚೆ ಕಟ್ಟಿದರೆ ಶುಲ್ಕ ಉಂಟೇ ಎಂದು ಒಪ್ಪಿಗೆ ಪತ್ರದಲ್ಲಿ ನೋಡಿಕೊಂಡರಾಯಿತು. ಮತ್ತೊಮ್ಮೆ ಕಂತು ತಪ್ಪಿಸಿಕೊಂಡು ಎರಡನೇ ಸಲ ಬ್ಯಾಂಕಿನ ಮೆಟ್ಟಿಲು ಹತ್ತುವುದು ಮಾತ್ರ ಬಹಳ ಕಷ್ಟ.

ಇಷ್ಟೆಲ್ಲ ಸೇರಿದರೆ ಪತ್ರ ಹೀಗಿರುತ್ತದೆ:

ದಿನಾಂಕ: 10 ಸೆಪ್ಟೆಂಬರ್

ಶಾಖಾ ವ್ಯವಸ್ಥಾಪಕರಿಗೆ,

ಮಾನ್ಯರೇ,

ವಿಷಯ: ನನ್ನ ಅವಧಿ ಸಾಲದ ಕಂತುಗಳ ಮರುಹೊಂದಾಣಿಕೆ ಕೋರಿ. (ಸಾಲದ ಖಾತೆ ಸಂಖ್ಯೆ, ಉದ್ಯಮ್ ನೋಂದಣಿ ಸಂಖ್ಯೆ)

ನಾನು ಪೇಟೆ ಬೀದಿಯಲ್ಲಿ ಪಾತ್ರೆ ಅಂಗಡಿ ನಡೆಸುತ್ತಿದ್ದೇನೆ. ತಮ್ಮ ಶಾಖೆಯಿಂದ ಪಡೆದ 8,00,000 ರೂ. ಸಾಲದ 24 ಕಂತುಗಳನ್ನು ಈ ತಿಂಗಳ 5ರವರೆಗೆ ತಪ್ಪದೆ ಕಟ್ಟಿದ್ದೇನೆ. ಇಂದಿಗೆ ಯಾವ ಬಾಕಿಯೂ ಇಲ್ಲ.

ಮೇ ಕೊನೆಯ ವಾರದಿಂದ ನಮ್ಮ ಬೀದಿಯಲ್ಲಿ ಒಳಚರಂಡಿ ಕಾಮಗಾರಿ ನಡೆಯುತ್ತಿದ್ದು, ಅಂಗಡಿಗೆ ವಾಹನ ಬರುವ ದಾರಿ ಇಲ್ಲ. ಕಳೆದ ವರ್ಷ ಜೂನ್–ಆಗಸ್ಟ್‌ನಲ್ಲಿ ತಿಂಗಳಿಗೆ ಸರಾಸರಿ 3,20,000 ರೂ. ಇದ್ದ ಮಾರಾಟ ಈ ವರ್ಷ 2,00,000 ರೂ.ಗೆ ಇಳಿದಿದೆ. ಫಲಕದಲ್ಲಿರುವಂತೆ ಕಾಮಗಾರಿ ಜನವರಿ ಕೊನೆಗೆ ಮುಗಿಯಬೇಕು. ಫೆಬ್ರವರಿಯಿಂದ ಮದುವೆ ಸೀಸನ್ ಇರುವುದರಿಂದ ಮಾರ್ಚ್ ಹೊತ್ತಿಗೆ ವ್ಯಾಪಾರ ಮೊದಲಿನಂತಾಗುತ್ತದೆ ಎಂಬ ಅಂದಾಜು ನನ್ನದು.

ಬಾಡಿಗೆ ಮತ್ತು ಸಂಬಳದ ಖರ್ಚನ್ನು ತಿಂಗಳಿಗೆ 4,000 ರೂ. ಇಳಿಸಿದ್ದೇನೆ. ಸದ್ಯ ಎಲ್ಲ ಖರ್ಚು ಕಳೆದು ಸಾಲಕ್ಕೆ ಕಟ್ಟಲು ನನ್ನಲ್ಲಿ ಉಳಿಯುವುದು 5,000 ರೂ. ಲೆಕ್ಕದ ಪುಟ ಜೊತೆಗಿದೆ.

ಆದ್ದರಿಂದ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಆರು ತಿಂಗಳು ಬಡ್ಡಿ ಮಾತ್ರ (ತಿಂಗಳಿಗೆ ಸುಮಾರು 4,870 ರೂ.) ಕಟ್ಟಲು, ಏಪ್ರಿಲ್‌ನಿಂದ ಬಾಕಿ ಅಸಲನ್ನು 42 ತಿಂಗಳ ಕಂತುಗಳಲ್ಲಿ (ಸುಮಾರು 15,300 ರೂ.) ತೀರಿಸಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಇದರಿಂದ ಸಾಲದ ಅವಧಿ 12 ತಿಂಗಳು ಹೆಚ್ಚುತ್ತದೆ ಎಂಬುದು ನನಗೆ ತಿಳಿದಿದೆ. ಅಂಗಡಿಯ ಕ್ಯೂಆರ್ ಕೋಡ್ ಜಮೆಯನ್ನು ಇನ್ನು ಮುಂದೆ ತಮ್ಮ ಶಾಖೆಯ ಖಾತೆಗೇ ಬರುವಂತೆ ಮಾಡಿದ್ದೇನೆ. ಅಂಗಡಿಗೆ ಬಂದು ಸರಕು, ಲೆಕ್ಕ ಪರಿಶೀಲಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಅಕ್ಟೋಬರ್ 5ರ ಕಂತಿನೊಳಗೆ ತಮ್ಮ ತೀರ್ಮಾನವನ್ನು ಬರಹದಲ್ಲಿ ತಿಳಿಸಿದರೆ ಉಪಕಾರವಾಗುತ್ತದೆ. ತೀರ್ಮಾನ ತಡವಾದರೂ ಅಂದು ಬಡ್ಡಿಯ ಮೊತ್ತವನ್ನು ಖಾತೆಗೆ ಕಟ್ಟುತ್ತೇನೆ.

ತಮ್ಮ ವಿಶ್ವಾಸಿ,
(ಸಹಿ, ಮೊಬೈಲ್ ಸಂಖ್ಯೆ)

ಲಗತ್ತು: ಎರಡು ವರ್ಷದ ಜಿಎಸ್‌ಟಿ ರಿಟರ್ನ್, ಎರಡೂ ಖಾತೆಗಳ ಸ್ಟೇಟ್‌ಮೆಂಟ್, ಕಾಮಗಾರಿ ಫಲಕದ ಫೋಟೋ, ಆದಾಯ-ಖರ್ಚಿನ ಪುಟ.

ಪತ್ರ ಒಂದು ಪುಟಕ್ಕೆ ಮುಗಿಯಿತು. ಮಗಳ ಕಾಲೇಜು ಫೀಸು, ತಾಯಿಯ ಕಾಯಿಲೆ ಇದರಲ್ಲಿಲ್ಲ. ಅವು ಸುಳ್ಳೆಂದಲ್ಲ, ಲೆಕ್ಕದ ಪುಟದಲ್ಲಿ ಮನೆ ಖರ್ಚಿನ 13,000ದೊಳಗೆ ಅವು ಬಂದಿವೆ. ಕೊನೆಯ ಸಾಲಿನಲ್ಲಿರುವ ಮಾತನ್ನು ಮಾತ್ರ ನಡೆಸಿಕೊಡಲೇಬೇಕು. ತೀರ್ಮಾನ ಬರುವ ಮೊದಲೇ ಕಂತು ನಿಲ್ಲಿಸಿ ಕೂತರೆ ಪತ್ರದ ತೂಕ ಹೋಗುತ್ತದೆ. ಬಡ್ಡಿಯಷ್ಟೇ ಕಟ್ಟಿದರೂ ಉಳಿದ ಮೊತ್ತ ಓವರ್‌ಡ್ಯೂ ಆಗಿಯೇ ಇರುತ್ತದೆ, ದಿನದ ಲೆಕ್ಕ ಓಡುತ್ತಲೇ ಇರುತ್ತದೆ. ಇನ್ನೂ ಒಂದು ಎಚ್ಚರ: ಆಟೋ ಡೆಬಿಟ್‌ಗೆ ಪೂರ್ತಿ 17,394 ಕೇಳುವ ಆದೇಶವಿದ್ದರೆ, ಖಾತೆಯಲ್ಲಿ 5,000 ಮಾತ್ರ ಇದ್ದಾಗ ಅದು ವಾಪಸಾಗಿ ದಂಡ ಬೀಳುತ್ತದೆ. ಕಂತಿನ ದಿನಕ್ಕೆ ಮೊದಲೇ ಶಾಖೆಗೆ ಹೋಗಿ ಈ ವಿಷಯ ಮಾತಾಡಿಕೊಂಡು ಬರಬೇಕು. ತಡವಾದ ಕಂತಿಗೆ ಬ್ಯಾಂಕು ಹಾಕುವ ದಂಡದ ಬಗ್ಗೆಯೂ ನಿಯಮವಿದೆ. 2024ರ ಏಪ್ರಿಲ್‌ನಿಂದ ಅದನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ಪ್ರತ್ಯೇಕ ಶುಲ್ಕವಾಗಿಯೇ ತೋರಿಸಬೇಕು, ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ.

ಸಾಲಕ್ಕೆ ಜಾಮೀನುದಾರರು ಇದ್ದರೆ ಪತ್ರ ಕೊಡುವ ಮೊದಲು ಅವರ ಮನೆಗೆ ಹೋಗಿ ವಿಷಯ ತಿಳಿಸುವುದು ಒಳ್ಳೆಯದು. 1872ರ ಭಾರತೀಯ ಕರಾರು ಕಾಯ್ದೆಯ 133ನೇ ಕಲಮಿನಂತೆ, ಜಾಮೀನುದಾರರ ಒಪ್ಪಿಗೆ ಇಲ್ಲದೆ ಸಾಲದ ಷರತ್ತು ಬದಲಾದರೆ ಆಮೇಲಿನ ವ್ಯವಹಾರಕ್ಕೆ ಅವರು ಹೊಣೆಯಿಂದ ಪಾರಾಗುತ್ತಾರೆ. ಹಾಗಾಗಿ ಬ್ಯಾಂಕು ಹೊಸ ಕಾಗದಕ್ಕೆ ಅವರ ಸಹಿ ಕೇಳುತ್ತದೆ. ಬ್ಯಾಂಕಿನಿಂದ ಫೋನ್ ಬಂದ ಮೇಲೆ ವಿಷಯ ತಿಳಿದ ಜಾಮೀನುದಾರ ಸಹಿ ಹಾಕಲು ಹಿಂಜರಿಯುತ್ತಾನೆ, ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ.

ಶಾಖೆಯವರು ‘ಅಂಥ ಸ್ಕೀಮ್ ಈಗಿಲ್ಲ, ಕೊರೊನಾ ಕಾಲಕ್ಕೆ ಮುಗಿಯಿತು’ ಎನ್ನಬಹುದು. ಅರ್ಧ ನಿಜ. 2020 ಮತ್ತು 2021ರಲ್ಲಿ ಕೊಟ್ಟ ವಿಶೇಷ ರಿಯಾಯಿತಿಗಳ ಗಡುವು ಮುಗಿದಿದೆ. ಆದರೆ ಸಂಕಷ್ಟದಲ್ಲಿರುವ ಸಣ್ಣ ಉದ್ದಿಮೆಗಳ ಸಾಲಕ್ಕೆಂದು ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ತಂದ ಚೌಕಟ್ಟು ಬೇರೆಯೇ. ಹತ್ತು ಲಕ್ಷದವರೆಗಿನ ಸಾಲದಲ್ಲಿ ತೊಂದರೆಯ ಲಕ್ಷಣ ಕಂಡರೆ ಸರಿಪಡಿಸುವ ಕ್ರಮವನ್ನು ಶಾಖೆಯೇ, ಮ್ಯಾನೇಜರ್ ಮಟ್ಟದಲ್ಲಿ, ಪರಿಶೀಲಿಸಬೇಕು ಎಂದು ಅದು ಹೇಳಿತು. ಅದಕ್ಕಿಂತ ದೊಡ್ಡ ಮೊತ್ತಕ್ಕೆ ಸಮಿತಿ. ಚಿಲ್ಲರೆ ವ್ಯಾಪಾರಿಗಳ ವಿಷಯದಲ್ಲಿ ಒಂದು ತೊಡಕಿದೆ. 2021ರ ಜುಲೈಯಲ್ಲಿ ಅವರನ್ನು ಸಣ್ಣ ಉದ್ದಿಮೆಗಳ ಪಟ್ಟಿಗೆ ಮತ್ತೆ ಸೇರಿಸಿದ್ದು ಆದ್ಯತಾ ವಲಯದ ಸಾಲದ ಉದ್ದೇಶಕ್ಕೆ ಮಾತ್ರ. ಈ ಕಾರಣ ಹೇಳಿ ಯಾವುದಾದರೂ ಬ್ಯಾಂಕು ಆ ಚೌಕಟ್ಟು ಅಂಗಡಿಗೆ ಅನ್ವಯಿಸದು ಎನ್ನಬಹುದು. ಆಗಲೂ ಬ್ಯಾಂಕಿನ ಆಡಳಿತ ಮಂಡಳಿ ಒಪ್ಪಿದ ಮರುಹೊಂದಾಣಿಕೆ ನೀತಿ ಎಂಬುದೊಂದು ಇರುತ್ತದೆ. ‘ನಿಮ್ಮ ನೀತಿಯಂತೆ ಪರಿಶೀಲಿಸಿ’ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ.

ಒಪ್ಪಿಗೆ ಸಿಕ್ಕಿತು ಎಂದುಕೊಳ್ಳೋಣ. ಇದಕ್ಕೆ ತೆರಬೇಕಾದ ಬೆಲೆ ಹೆಚ್ಚುವರಿ ಬಡ್ಡಿ ಒಂದೇ ಅಲ್ಲ. ಹಣದ ಅಡಚಣೆಯ ಕಾರಣಕ್ಕೆ ಷರತ್ತು ಬದಲಿಸಿದ ಸಾಲವನ್ನು ಸಾಮಾನ್ಯ ನಿಯಮದಂತೆ ಬ್ಯಾಂಕು ಕೆಳದರ್ಜೆಗೆ, ಅಂದರೆ ಎನ್‌ಪಿಎ ವರ್ಗಕ್ಕೆ, ಇಳಿಸಬೇಕಾಗುತ್ತದೆ. ಹೊಸ ಷರತ್ತಿನಂತೆ ಕಂತು ಶುರುವಾದ ಮೇಲೆ ಒಂದು ವರ್ಷ ಸರಿಯಾಗಿ ಕಟ್ಟಿಕೊಂಡು ಬಂದರೆ ಸಣ್ಣ ಉದ್ದಿಮೆಯ ಖಾತೆ ಮತ್ತೆ ಮೇಲೇರುತ್ತದೆ. ಜನ ಸಿಬಿಲ್ ಎಂದು ಕರೆಯುವ ಕ್ರೆಡಿಟ್ ವರದಿಯಲ್ಲಿ ಸಾಲ ಮರುಹೊಂದಾಣಿಕೆ ಆಗಿದೆ ಎಂಬ ಗುರುತು ಕಾಣುತ್ತದೆ. ಆ ಅವಧಿಯಲ್ಲಿ ಹೊಸ ಸಾಲ ಸಿಗುವುದು ಕಷ್ಟ. ಸರ್ಕಾರ ನೈಸರ್ಗಿಕ ವಿಕೋಪ ಎಂದು ಘೋಷಿಸಿದ ಕಡೆ ನೆರೆ, ಬರದಿಂದ ತೊಂದರೆಯಾದ ಸಾಲಗಳಿಗೆ ಬೇರೆ ನಿಯಮವಿದ್ದು, ಅಲ್ಲಿ ಖಾತೆ ಕೆಳಗಿಳಿಯದಂತೆ ಮರುಹೊಂದಿಸಲು ಅವಕಾಶವಿದೆ. ನೆರೆಪೀಡಿತ ಊರಿನವರು ತಮ್ಮ ಪತ್ರದಲ್ಲಿ ಅದನ್ನು ಮರೆಯದೆ ಹೇಳಬೇಕು. ರಸ್ತೆ ಕಾಮಗಾರಿಗೆ ಆ ರಕ್ಷಣೆ ಇಲ್ಲ.

ಇದನ್ನೆಲ್ಲ ತೂಗಿ ನೋಡಿದರೆ, ಒಂದೆರಡು ತಿಂಗಳ ಮಟ್ಟಿನ ತೊಂದರೆಗೆ ಮರುಹೊಂದಾಣಿಕೆ ಕೇಳಬಾರದು. ನಿಂತ ಸರಕನ್ನು ಕಡಿಮೆ ಬೆಲೆಗೆ ಬಿಟ್ಟೋ, ಸಗಟು ವ್ಯಾಪಾರಿಯಿಂದ ಹೆಚ್ಚಿನ ಉದ್ದರಿ ಪಡೆದೋ ಕಂತನ್ನು ದಾಟಿಸುವುದು ಅಗ್ಗ. ಆರೆಂಟು ತಿಂಗಳ ಕೊರತೆ ಕಣ್ಣೆದುರಿಗಿದ್ದು, ಅದರ ಕೊನೆಯೂ ಕಾಣುತ್ತಿದ್ದರೆ ಆಗ ಈ ಪತ್ರ. ನಮ್ಮ ಪಾತ್ರೆ ವ್ಯಾಪಾರಿಯ ವಿಷಯದಲ್ಲಿ ಪರ್ಯಾಯವಾಗಿ ಇದ್ದದ್ದು ಮೀಟರ್ ಬಡ್ಡಿ ಅಥವಾ ನೋಟಿಸು. ಅವೆರಡಕ್ಕೆ ಹೋಲಿಸಿದರೆ 45,500 ರೂಪಾಯಿ ಮತ್ತು ಕ್ರೆಡಿಟ್ ವರದಿಯ ಒಂದು ಗುರುತು ಹೊರಲಾರದ ಹೊರೆಯಲ್ಲ. ಬ್ಯಾಂಕು ಕೊಡುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಬಡ್ಡಿ ದರ ಏರಿದೆಯೇ, ಪ್ರಕ್ರಿಯಾ ಶುಲ್ಕ ಎಷ್ಟು, ಹೊಸ ಕಂತಿನ ಪಟ್ಟಿ ಜೊತೆಗಿದೆಯೇ, ಹಳೆಯ ಆಟೋ ಡೆಬಿಟ್ ಆದೇಶ ರದ್ದಾಗಿ ಹೊಸದು ಬಂದಿದೆಯೇ ಎಂದು ನೋಡಿಕೊಳ್ಳಬೇಕು. ಹಳೆಯ ಆದೇಶ ರದ್ದಾಗದೆ ಉಳಿದು, ಒಪ್ಪಿಗೆ ಸಿಕ್ಕ ತಿಂಗಳೂ ಪೂರ್ತಿ ಕಂತಿಗೆ ಡೆಬಿಟ್ ಬಂದು ವಾಪಸಾದರೆ ಮತ್ತೆ ಅಲೆದಾಟ.

ಪತ್ರವನ್ನು ಎರಡು ಪ್ರತಿ ಮಾಡಿಸಿ, ಒಂದರ ಮೇಲೆ ಶಾಖೆಯ ಮೊಹರು, ತಾರೀಕು, ಪಡೆದವರ ಸಹಿ ಹಾಕಿಸಿಕೊಂಡೇ ಹೊರಬನ್ನಿ. ಅದೇ ದಿನ ಶಾಖೆಯ ಇಮೇಲ್‌ಗೂ ಕಳಿಸಿ. ಕನ್ನಡದಲ್ಲೇ ಬರೆಯಿರಿ, ಲೆಕ್ಕದ ಪುಟವನ್ನು ಮಾತ್ರ ಇಂಗ್ಲಿಷಿನಲ್ಲೂ ಇಟ್ಟರೆ ಮೇಲಿನ ಕಚೇರಿಯಲ್ಲಿ ಕೆಲಸ ಬೇಗ ಸಾಗುತ್ತದೆ. ಉತ್ತರವೇ ಬಾರದಿದ್ದರೆ ಮೊದಲು ಬ್ಯಾಂಕಿನ ದೂರು ವಿಭಾಗಕ್ಕೆ ಬರಹದಲ್ಲಿ ದೂರು ಕೊಡಿ. ಮೂವತ್ತು ದಿನವಾದರೂ ಅಲ್ಲಿಂದ ಮಾತಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಸಲ್ಲಿಸಬಹುದು, 14448ಕ್ಕೆ ಫೋನ್ ಮಾಡಿ ವಿಚಾರಿಸಲೂಬಹುದು. ಸಾಲವನ್ನು ಮರುಹೊಂದಿಸು ಎಂದು ಒಂಬುಡ್ಸ್‌ಮನ್ ಬ್ಯಾಂಕಿಗೆ ಆದೇಶಿಸುವುದಿಲ್ಲ, ಅದು ಬ್ಯಾಂಕಿನ ವ್ಯಾವಹಾರಿಕ ತೀರ್ಮಾನ. ಆದರೆ ಕೊಟ್ಟ ಅರ್ಜಿಗೆ ಉತ್ತರವನ್ನೇ ಕೊಡದಿರುವುದು ಸೇವಾ ಲೋಪ. ಅದರ ಬಗ್ಗೆ ದೂರು ಕೊಡುವ ಹಕ್ಕು ಸಾಲಗಾರನಿಗಿದೆ, ಆ ದೂರಿಗೆ ಬೇಕಾದ ಮೊದಲ ದಾಖಲೆ ಮೊಹರು ಬಿದ್ದ ಆ ಪ್ರತಿ.